ಹೊಲಿಗೆ ಕಾಣಬಾರದು

ನಮ್ಮ ಕಚೇರಿಯ ಸಭೆಗಳನ್ನು ಮೂವತ್ತು ವರ್ಷ ನಿರೂಪಿಸಿದವರು ಹೆಡ್ ಕ್ಲರ್ಕ್. ಪ್ರತಿ ಭಾಷಣಕಾರರ ಮೊದಲ ವಾಕ್ಯವನ್ನು ಮುಂಚೆಯೇ ಕೇಳಿಟ್ಟುಕೊಂಡು, ಹಿಂದಿನವರ ಕೊನೆಯ ಮಾತಿಗೆ ಜೋಡಿಸುತ್ತಿದ್ದರು.

"ಅವರು ಹೇಳಿದ್ದನ್ನೇ ಮತ್ತೆ ಹೇಳ್ಬೇಡ, ದಿಢೀರಂತ ಮುಂದಿನವರನ್ನ ಕರೀಲೂಬೇಡ. ಹೊಲಿಗೆ ಕಾಣಬಾರದು ಕಣಮ್ಮ," ಎಂದು ನಮ್ಮ ಟೈಪಿಸ್ಟ್ ಹುಡುಗಿಯನ್ನು ಗೋಳು ಹುಯ್ದುಕೊಂಡು ಕಲಿಸಿದರು.

ಅವರ ಬೀಳ್ಕೊಡುಗೆ ಸಭೆಯನ್ನು ಅವಳೇ ನಿರೂಪಿಸಿದಳು. ಕೊನೆಯ ಭಾಷಣ ಅವರದಾಗಬೇಕಿತ್ತು. ಅದಕ್ಕೂ ಮುಂಚೆ ಸಾಹೇಬರು ಒಂದು ಗಂಟೆ ಕೊರೆದು, "ಪಾಪ, ಇವರು ಹೊತ್ತಿಗೆ ಸರಿಯಾಗಿ ಊಟ ಮಾಡಿದ್ದೇ ಇಲ್ಲ," ಎಂದು ಮುಗಿಸಿದರು.

ಅವಳು ಗಡಿಯಾರ ನೋಡಿದಳು. "ಇವತ್ತಾದ್ರೂ ಮಾಡ್ಲಿ. ಎಲ್ರೂ ಊಟಕ್ಕೆ ಬನ್ನಿ."

ಸಭೆ ನಗುತ್ತಾ ಎದ್ದಿತು. ಹೆಡ್ ಕ್ಲರ್ಕ್ ಮಾತಾಡಲೇ ಇಲ್ಲವೆಂದು ಯಾರಿಗೂ ಹೊಳೆಯಲಿಲ್ಲ.

ಊಟದ ಸಾಲಿನಲ್ಲಿ ಅವರ ಕೈ ಕುಲುಕಿ, "ನಿಮ್ಮ ಭಾಷಣ ಚೆನ್ನಾಗಿತ್ತು ಸಾರ್," ಎಂದವನು ನಾನೇ. ಭಾಷಣದ ಹಾಳೆ ಅವರ ಇನ್ನೊಂದು ಕೈಯಲ್ಲಿ ಮಡಚಿದಂತೆಯೇ ಇತ್ತು.