ಬಾಜಾ ನಿಂತಾಗ

ಸವಣೂರಿನ ಹತ್ತಿ ಗೋದಾಮಿನಲ್ಲಿ ಒಂದು ಮಧ್ಯಾಹ್ನ ಯುದ್ಧದ ಸಿನಿಮಾ ತೋರಿಸಿದರು. ಅದನ್ನು ನೆನೆದರೆ ನನಗೆ ಈಗಲೂ ಮುಖ ಮುಚ್ಚಿಕೊಳ್ಳಬೇಕು ಅನಿಸುತ್ತದೆ.

ನನ್ನ ತೊಡೆಯ ಮೇಲೆ ಕೂಸು, ಪಕ್ಕದಲ್ಲಿ ನೆರೆಮನೆಯ ಗಂಗವ್ವ. ಅವಳ ಮಗ ದಂಡಿನಲ್ಲಿದ್ದ. ನಾಲ್ಕು ತಿಂಗಳಿಂದ ಕಾಗದ ಬಂದಿರಲಿಲ್ಲ.

ಸಿನಿಮಾದಲ್ಲಿ ಮೊದಲೆಲ್ಲ ನಗಾರಿ, ತುತ್ತೂರಿಯ ಬಾಜಾ. ಯಾವಾಗ ಹೆದರಬೇಕು, ಯಾವಾಗ ಹಿಗ್ಗಬೇಕು ಎಂದು ಬಾಜಾವೇ ಹೇಳುತ್ತಿತ್ತು. ಜನ ಸತ್ತು ಬಿದ್ದಾಗಲೂ ನಾವು ಚಪ್ಪಾಳೆ ತಟ್ಟಿದೆವು. ಆಮೇಲೆ ಒಬ್ಬ ಸಿಪಾಯಿ ಕಂದಕದಲ್ಲಿ ಒಂಟಿಯಾಗಿ ಕುಳಿತ. ಬಾಜಾ ನಿಂತಿತು.

ಮಶೀನಿನ ದನಿ ಕೆಟ್ಟಿತು ಅಂದುಕೊಂಡೆ. ಹಾಗಾದಾಗ ಕೂಗುವುದು ನಮ್ಮಲ್ಲಿ ರೂಢಿ. "ಏ ಮಶೀನಿನಪ್ಪಾ, ನಿದ್ದಿ ಹತ್ತೇತೇನ? ಬಾಜಾ ಹಚ್ಚೋ!" ಎಂದೆ. ಗೋದಾಮೆಲ್ಲ ನಕ್ಕಿತು. ಸಿನಿಮಾ ಓಡಿಸುವವನು ಮಶೀನು ನಿಲ್ಲಿಸಿ ಎದ್ದು ಬಂದ.

"ಮಶೀನ ಛಲೋ ಐತ್ರಿ ಅಕ್ಕಾರ. ಅಲ್ಲಿ ಬಾಜಾ ಹಾಕೇ ಇಲ್ಲ. ಸುಮ್ಮನಿದ್ರ ಕೇಳಸ್ತೈತಿ."

ಮತ್ತೆ ಶುರುವಾಯಿತು. ಕೆಸರಿನಿಂದ ಬೂಟು ಕಿತ್ತ ಸಪ್ಪಳ, ಸಿಪಾಯಿಯ ಉಸಿರು. ಅವನು ಉಳಿಯುತ್ತಾನೋ ಇಲ್ಲವೋ ಎಂದು ಮೊದಲೇ ಹೇಳಲು ಯಾವ ಬಾಜಾವೂ ಇರಲಿಲ್ಲ. ಅವನಂತೆ ನಾವೂ ಕಾಯಬೇಕಾಯಿತು. ಯಾರದೋ ಬಳೆ ಸಪ್ಪಳವೂ ಆ ಕಂದಕದೊಳಗಿನಿಂದಲೇ ಬಂದಂತಿತ್ತು. ಒಮ್ಮೆಲೇ ತೋಪಿನ ಗುಂಡು ಬಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಆಗ ಬಾಜಾ ನಿಂತಾಗ ನನ್ನ ಮಗನ ಉಸಿರ ಕೇಳಿದಂಗ ಆಗಿತ್ತವ್ವ," ಎಂದಳು ಗಂಗವ್ವ. "ಅಷ್ಟರಾಗ ನೀ ಎಲ್ಲಾರನೂ ನಗಿಸಿದಿ."

ತಪ್ಪಾಯಿತು ಎನ್ನಲು ಹೋದೆ. ಆದರೆ ಆ ಮೌನದಲ್ಲಿ ಹೇಳಿದರೆ ಗೋದಾಮಿಗೆಲ್ಲ ಕೇಳುತ್ತದೆ ಎಂದು ತಡೆದೆ. ಕಡೆಗೆ ನಗಾರಿ ಮೊಳಗಿದ ಮೇಲೆ ಹೇಳಿದೆ. ಅವಳಿಗೆ ಕೇಳಿಸಿರಲಿಕ್ಕಿಲ್ಲ. ಖರೆ ಹೇಳಬೇಕೆಂದರೆ, ಕೇಳಿಸದಿರಲಿ ಎಂದೇ ಕಾದಿದ್ದೆ.