ರೈಟರ್ ಬರೆಯುತ್ತಿದ್ದ ‘1’

ಯಸಳೂರು ಕಡೆಯ ಒಂದು ಎಸ್ಟೇಟಿನಲ್ಲಿ ನಾನು ಗುಮಾಸ್ತ. ಲೆಕ್ಕ ಬರೆಯುತ್ತಿದ್ದ ನಮ್ಮ ಹಳೆಯ ರೈಟರ್ ನಿವೃತ್ತರಾದಾಗ ಅವರ ಕೈಬರಹದ ದಾಸ್ತಾನು ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಓದಿಸಿದೆವು. ಅವರ ಕೊನೆಯ ಶಿಲ್ಕೇ, ಅಂದರೆ ಉಳಿಕೆಯೇ, ಹೊಸ ವರ್ಷದ ಆರಂಭದ ಶಿಲ್ಕಾಯಿತು.

ವರ್ಷ ಮುಗಿದು ಸ್ಟೋರಿನ ಮೆಣಸು ತೂಗಿದರೆ, ಲೆಕ್ಕಕ್ಕಿಂತ ಆರುನೂರು ಕೆಜಿ ಕಮ್ಮಿ! “ಮುದುಕ ಕೂಡುವಾಗ ತಪ್ಪಿರಬೇಕು” ಎಂದು ಸಾಹುಕಾರರ ಮುಂದೆಯೇ ಗೊಣಗಿದೆ.

ಆಮೇಲೆ ಸ್ಟೋರಿನವರು ತಿಂಗಳು ತಿಂಗಳೂ ತೂಗಿ ಬರೆದಿಟ್ಟ, ಯಾರೂ ನೋಡದ ಚೀಟಿಗಳನ್ನು ಹುಡುಕಿ ತೆಗೆದೆ. ಕಳ್ಳತನವಾಗಿದ್ದರೆ ವ್ಯತ್ಯಾಸ ಏರುತ್ತಾ ಹೋಗಬೇಕಿತ್ತು. ಇದು ಹನ್ನೆರಡು ತಿಂಗಳೂ ಸರಿಯಾಗಿ ಆರುನೂರು. ಹಾಗಾದರೆ ತಪ್ಪಿರುವುದು ಮೊದಲ ಸಾಲಿನಲ್ಲೇ. ಅಲ್ಲಿ ಕಂಪ್ಯೂಟರ್ 2740 ಎನ್ನುತ್ತಿತ್ತು. ಮೂಲ ಪುಸ್ತಕದಲ್ಲಿದ್ದದ್ದು 2140.

ಒಂದನ್ನು ಯಾರೂ ತಿದ್ದಿ ಆರು ಮಾಡಬಾರದೆಂದು ರೈಟರ್ ಅದರ ನೆತ್ತಿಗೆ ಉದ್ದ ಕೊಕ್ಕೆ ಹಾಕುತ್ತಿದ್ದರು. ಏಳಕ್ಕೆ ಮಾತ್ರ ಸೊಂಟದಲ್ಲಿ ಅಡ್ಡಗೆರೆ. ಯಂತ್ರಕ್ಕೆ ಕೊಕ್ಕೆಯ ಒಂದೂ ಏಳೇ ಆಗಿತ್ತು. ಆ ಅಂಕಿ ತಿದ್ದಿದೆ. ಹನ್ನೆರಡು ತಿಂಗಳ ಶಿಲ್ಕೂ ಚೀಟಿಗೆ ತಾಳೆಯಾಯಿತು.

ಭಾನುವಾರ ಆನೇಮಹಲ್‌ನಲ್ಲಿರುವ ಅವರ ಮನೆಗೆ ಹೋಗಿ ಎಲ್ಲ ಹೇಳಿ, ಕಂಪ್ಯೂಟರಿಗೆ ಚೆನ್ನಾಗಿ ಬೈದೆ. ರೈಟರ್ ನಗುತ್ತಾ ಕಾಫಿ ಲೋಟ ಕೈಗಿಟ್ಟರು.

“ಅದಕ್ಯಾಕೆ ಬೈತೀಯ ಮಾರಾಯ? ಅದು ನನ್ನ ಕೈಬರಹ ನೋಡಿದ್ದೇ ಈಗ. ನೀನು ಹದಿನೈದು ವರ್ಷ ನನ್ನ ಪಕ್ಕದಲ್ಲೇ ಕೂತಿದ್ದೆ ಕಣೋ.”