ಎಲ್ಲರೂ ಓದಿದ ಉತ್ತರ

ಬಟ್ಟೆ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ನೇಯ್ಗೆಯ ದೋಷ ಹುಡುಕಿದ ಆಕೆಯನ್ನು ಎಲ್ಲರೂ ಭೂತಗನ್ನಡಿ ಅಕ್ಕ ಎಂದೇ ಕರೆಯುತ್ತಿದ್ದರು. ಗಿರಣಿ ಬಾಗಿಲು ಹಾಕಿದಾಗ ಉದ್ಯೋಗದ ಜಾಲತಾಣವೊಂದರಲ್ಲಿ ಕೆಲಸ ಹೋದ ಸಂಗತಿ ಬರೆದಳು. ಮೂರು ವಾರ ಯಾರೂ ಕ್ಯಾರೇ ಎನ್ನಲಿಲ್ಲ. ಕೊನೆಗೊಂದು ಮಧ್ಯಾಹ್ನ, ಬೇರೆ ಕಂಪನಿಯ ನೇಮಕಾತಿ ಅಧಿಕಾರಿಣಿ ಅದರ ಕೆಳಗೇ ಕಮೆಂಟು ಹಾಕಿದರು: "ನಮ್ಮ ಬಟ್ಟೆ ತಪಾಸಣೆ ವಿಭಾಗಕ್ಕೆ ಮೇಲ್ವಿಚಾರಕರು ಬೇಕಾಗಿದ್ದಾರೆ. ದಯವಿಟ್ಟು ಅರ್ಜಿ ಹಾಕಿ."

ಅಕ್ಕ ಗಡಿಬಿಡಿಯಲ್ಲಿ, "ಯಾವ ಕೆಲಸ ಆದ್ರೂ ಮಾಡ್ತೀನಿ ಮೇಡಂ, ಕೈ ಬಿಡ್ಬೇಡಿ" ಎಂದು ಬರೆದಳು. ಕಳಿಸುವಷ್ಟರಲ್ಲಿ ನಾದಿನಿ ಮೊಬೈಲು ಕಸಿದುಕೊಂಡಳು.

"ಅತ್ತಿಗೆ, ಇದನ್ನ ಎಲ್ಲರೂ ಓದ್ತಾರೆ. ಥ್ಯಾಂಕ್ಸ್ ಹೇಳಿ, ಅನುಭವ ಒಂದು ಸಾಲಲ್ಲಿ ಹೇಳಿ, ಅರ್ಜಿ ಯಾವಾಗ ಹಾಕ್ತೀರಿ ಅಂತ ಹೇಳಿ. ಅಳೋದಿದ್ರೆ ನನ್ನ ಮುಂದೆ ಅಳಿ."

ಅಕ್ಕ ಮೊದಲು ಬರೆದದ್ದನ್ನು ಅಳಿಸಿ ಮತ್ತೆ ಬರೆದಳು: "ಆಹ್ವಾನಕ್ಕೆ ಧನ್ಯವಾದಗಳು ಮೇಡಂ. ಗುಣಮಟ್ಟ ತಪಾಸಣೆಯಲ್ಲಿ ನನಗೆ ಇಪ್ಪತ್ತೆರಡು ವರ್ಷದ ಅನುಭವವಿದೆ, ಈ ಹುದ್ದೆಯಲ್ಲಿ ಆಸಕ್ತಿಯಿದೆ. ಇಂದೇ ಅರ್ಜಿ ಸಲ್ಲಿಸಿ ನಿಮಗೆ ಸಂದೇಶ ಕಳಿಸುತ್ತೇನೆ."

ಹೇಳಿದಂತೆಯೇ ಮಾಡಿದಳು. ಸಂದರ್ಶನಕ್ಕೂ ಹೋಗಿ ಬಂದಳು. ಆದರೆ ಆ ಕಮೆಂಟನ್ನು ಗಿರಣಿಯವರೆಲ್ಲ ನೋಡಿದ್ದರು; ಬಹಳ ಜನ ಅರ್ಜಿ ಹಾಕಿದ್ದರು. ಕೆಲಸ ಸಿಕ್ಕಿದ್ದು ಗಿರಣಿಯಲ್ಲಿ ಅಕ್ಕನ ಪಕ್ಕದ ಮೇಜಿನಲ್ಲಿದ್ದವಳಿಗೆ. ಅವಳಿಗೆ ಕೈಹಿಡಿದು ಕೆಲಸ ಕಲಿಸಿದ್ದು ಅಕ್ಕನೇ.

ಅವಳೇ ಫೋನು ಮಾಡಿದಳು. "ಅಕ್ಕಾ, ನಿಮ್ಮ ಉತ್ತರ ನೋಡ್ಕೊಂಡೇ ನಾನೂ ಬರೆದೆ. ಬೇಜಾರಾಯ್ತಾ?"

"ಆಯ್ತು," ಎಂದಳು ಅಕ್ಕ. "ಆದ್ರೂ ನೀನು ಹೋಗಿ ಸೇರ್ಕೋ."

ಫೋನಿಟ್ಟ ಮೇಲೆ ನಾದಿನಿಯ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.